ವಿವರಣಾತ್ಮಕ ಅನುಕ್ರಮ ವಿನ್ಯಾಸ

ವಿವರಣಾತ್ಮಕ ಅನುಕ್ರಮ ವಿನ್ಯಾಸವು ಮಿಶ್ರ ವಿಧಾನ ಸಂಶೋಧನೆಯ ಒಂದು ಪ್ರಕಾರ. ಇದರಲ್ಲಿ ಸಂಶೋಧಕರು ಮೊದಲು ಸಮೀಕ್ಷೆ ನಡೆಸಿ ಅದರ ಅಂಕಿಅಂಶಗಳನ್ನು ವಿಶ್ಲೇಷಿಸುತ್ತಾರೆ. ಅನಂತರ ಆ ಫಲಿತಾಂಶಗಳಲ್ಲಿ ವಿವರಣೆಯನ್ನು ಬೇಡುವ ಅಂಶಗಳನ್ನು ಗುರುತಿಸಿ, ಸಮೀಕ್ಷೆಗೆ ಉತ್ತರಿಸಿದವರಲ್ಲಿಯೇ ಕೆಲವರನ್ನು ಆರಿಸಿ ಸಂದರ್ಶಿಸುತ್ತಾರೆ. ಒಂದು ಪ್ರವೃತ್ತಿ ಎಷ್ಟು ವ್ಯಾಪಕವಾಗಿದೆ, ಯಾವುದರೊಡನೆ ಸಂಬಂಧ ಹೊಂದಿದೆ ಎಂಬುದನ್ನು ಸಮೀಕ್ಷೆ ತಿಳಿಸುತ್ತದೆ. ಅದು ಏಕೆ ಹಾಗಿದೆ, ಅದನ್ನು ಅನುಭವಿಸಿದವರು ಹೇಗೆ ಅರ್ಥೈಸುತ್ತಾರೆ ಎಂಬುದನ್ನು ಸಂದರ್ಶನ ತಿಳಿಸುತ್ತದೆ. ಒಂದೇ ಅಧ್ಯಯನದಲ್ಲಿ ಎರಡೂ ಇದ್ದ ಮಾತ್ರಕ್ಕೆ ಅದು ಮಿಶ್ರ ವಿಧಾನವಾಗುವುದಿಲ್ಲ. ಮೊದಲ ಹಂತದ ಫಲಿತಾಂಶವು ಎರಡನೆಯ ಹಂತವನ್ನು ರೂಪಿಸಿರಬೇಕು ಮತ್ತು ಕೊನೆಯಲ್ಲಿ ಎರಡನ್ನೂ ಒಟ್ಟಿಗೆ ಓದಿ ತೀರ್ಮಾನಕ್ಕೆ ಬಂದಿರಬೇಕು.

## ಇತರ ವಿನ್ಯಾಸಗಳೊಡನೆ ಹೋಲಿಕೆ

ಸಮೀಕ್ಷೆ ಮತ್ತು ಸಂದರ್ಶನಗಳನ್ನು ಸಾಮಾನ್ಯವಾಗಿ ಮೂರು ಕ್ರಮಗಳಲ್ಲಿ ಜೋಡಿಸಲಾಗುತ್ತದೆ. ವಿವರಣಾತ್ಮಕ ಅನುಕ್ರಮದಲ್ಲಿ ಸಮೀಕ್ಷೆ ಮೊದಲು ಬರುತ್ತದೆ. ಅನ್ವೇಷಣಾತ್ಮಕ ಅನುಕ್ರಮದಲ್ಲಿ ಸಂದರ್ಶನ ಮೊದಲು: ಜನರು ಒಂದು ವಿಷಯವನ್ನು ಯಾವ ಮಾತುಗಳಲ್ಲಿ ಹೇಳುತ್ತಾರೆ, ಅದರಲ್ಲಿ ಯಾವ ಮುಖಗಳನ್ನು ಕಾಣುತ್ತಾರೆ ಎಂಬುದನ್ನು ತಿಳಿದುಕೊಂಡು, ಅದರ ಆಧಾರದ ಮೇಲೆ ಪ್ರಶ್ನಾವಳಿಯನ್ನು ರಚಿಸಲಾಗುತ್ತದೆ. ಏಕಕಾಲಿಕ ವಿನ್ಯಾಸದಲ್ಲಿ ಎರಡನ್ನೂ ಸುಮಾರು ಒಂದೇ ಅವಧಿಯಲ್ಲಿ, ಪರಸ್ಪರ ಪ್ರಭಾವವಿಲ್ಲದೆ ನಡೆಸಿ, ಅನಂತರ ಫಲಿತಾಂಶಗಳನ್ನು ಹೋಲಿಸಲಾಗುತ್ತದೆ.

ಯಾವ ಕ್ರಮ ಸೂಕ್ತ ಎಂಬುದು ಸಂಶೋಧಕರಿಗೆ ಈಗಾಗಲೇ ಏನು ಗೊತ್ತಿದೆ ಎಂಬುದನ್ನು ಅವಲಂಬಿಸಿದೆ. ಅಳೆಯಬೇಕಾದ ಅಂಶಗಳು ಹಿಂದಿನ ಅಧ್ಯಯನಗಳಿಂದ ಸ್ಪಷ್ಟವಾಗಿದ್ದು, ಅವುಗಳ ಹಿಂದಿನ ಕಾರಣಗಳು ಅಸ್ಪಷ್ಟವಾಗಿದ್ದರೆ ವಿವರಣಾತ್ಮಕ ಅನುಕ್ರಮ ಹೊಂದುತ್ತದೆ. ಏನನ್ನು ಅಳೆಯಬೇಕು ಎಂಬುದೇ ತಿಳಿಯದಿದ್ದರೆ ಸಂದರ್ಶನದಿಂದ ಆರಂಭಿಸುವುದು ಸರಿ.

## ಒಂದು ನಿದರ್ಶನ: ನೆಬ್ರಾಸ್ಕಾ ಅಧ್ಯಯನ

ಈ ವಿನ್ಯಾಸಕ್ಕೆ ಹೆಚ್ಚಾಗಿ ಉಲ್ಲೇಖಿಸಲಾಗುವ ನಿದರ್ಶನವೆಂದರೆ ಅಮೆರಿಕದ ನೆಬ್ರಾಸ್ಕಾ-ಲಿಂಕನ್ ವಿಶ್ವವಿದ್ಯಾಲಯದ ದೂರಶಿಕ್ಷಣ ಡಾಕ್ಟರೇಟ್ ಕಾರ್ಯಕ್ರಮವೊಂದನ್ನು ಕುರಿತು ನಟಾಲಿಯಾ ಇವಾಂಕೋವಾ ನಡೆಸಿದ ಅಧ್ಯಯನ. ಇದರ ವಿಧಾನವನ್ನು ವಿವರಿಸುವ ಲೇಖನವನ್ನು ಅವರು ಜಾನ್ ಕ್ರೆಸ್‌ವೆಲ್ ಮತ್ತು ಶೆಲ್ಡನ್ ಸ್ಟಿಕ್ ಅವರೊಂದಿಗೆ 2006ರಲ್ಲಿಯೂ, ಫಲಿತಾಂಶಗಳನ್ನು ಸ್ಟಿಕ್ ಅವರೊಂದಿಗೆ 2007ರಲ್ಲಿಯೂ ಪ್ರಕಟಿಸಿದರು. ಇಂಥ ಕಾರ್ಯಕ್ರಮಕ್ಕೆ ಸೇರಿದ ವಿದ್ಯಾರ್ಥಿಗಳಲ್ಲಿ ಕೆಲವರು ಪದವಿ ಮುಗಿಸುತ್ತಾರೆ, ಕೆಲವರು ನಡುವೆಯೇ ಬಿಡುತ್ತಾರೆ. ವ್ಯಾಸಂಗದಲ್ಲಿ ಮುಂದುವರಿಯಲು ಕಾರಣವಾಗುವ ಅಂಶಗಳು ಯಾವುವು ಎಂಬುದು ಅಧ್ಯಯನದ ಪ್ರಶ್ನೆಯಾಗಿತ್ತು.

### ಮೊದಲ ಹಂತ

ಕಾರ್ಯಕ್ರಮದ ಹಾಲಿ ಮತ್ತು ಮಾಜಿ ವಿದ್ಯಾರ್ಥಿಗಳಾದ 278 ಜನರಿಗೆ ಅಂತರಜಾಲದ ಮೂಲಕ ಪ್ರಶ್ನಾವಳಿಯನ್ನು ಕಳುಹಿಸಲಾಯಿತು. 207 ಜನರು, ಅಂದರೆ ಸುಮಾರು ನಾಲ್ವರಲ್ಲಿ ಮೂವರು, ಉತ್ತರಿಸಿದರು. ಅವರನ್ನು ವ್ಯಾಸಂಗದ ಸ್ಥಿತಿಗೆ ಅನುಗುಣವಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು: ಆರಂಭದ ಹಂತದಲ್ಲಿದ್ದವರು, ವ್ಯಾಸಂಗದಲ್ಲಿ ಮುಂದುವರಿದವರು, ಪದವಿ ಪಡೆದವರು, ಮತ್ತು ಕಾರ್ಯಕ್ರಮವನ್ನು ಬಿಟ್ಟವರು ಅಥವಾ ನಿಷ್ಕ್ರಿಯರಾದವರು. ಈ ಗುಂಪುಗಳನ್ನು ಪರಸ್ಪರ ಬೇರ್ಪಡಿಸಿ ತೋರಿಸುವ ಅಂಶಗಳು ಯಾವುವು ಎಂಬುದನ್ನು ಸಂಖ್ಯಾಶಾಸ್ತ್ರೀಯ ವಿಶ್ಲೇಷಣೆಯಿಂದ ಕಂಡುಕೊಳ್ಳಲಾಯಿತು. ಐದು ಅಂಶಗಳು ಹೊರಬಂದವು: ಕಾರ್ಯಕ್ರಮ, ಆನ್‌ಲೈನ್ ಕಲಿಕೆಯ ಪರಿಸರ, ವಿದ್ಯಾರ್ಥಿ ಸೇವೆಗಳು, ಬೋಧಕರು ಮತ್ತು ಸ್ವಪ್ರೇರಣೆ.

### ಹಂತಗಳ ನಡುವಿನ ಜೋಡಣೆ

ಇಲ್ಲಿ ಎರಡು ನಿರ್ಧಾರಗಳನ್ನು ಮಾಡಬೇಕಾಗುತ್ತದೆ: ಯಾರನ್ನು ಸಂದರ್ಶಿಸಬೇಕು ಮತ್ತು ಏನನ್ನು ಕೇಳಬೇಕು. ಎರಡಕ್ಕೂ ಸಮೀಕ್ಷೆಯೇ ಆಧಾರ.

ನೆಬ್ರಾಸ್ಕಾ ಅಧ್ಯಯನದಲ್ಲಿ ಪ್ರತಿ ಗುಂಪಿನ ಸರಾಸರಿ ಅಂಕವನ್ನು ಲೆಕ್ಕಹಾಕಿ, ಆ ಸರಾಸರಿಯಿಂದ ಒಂದು ಪ್ರಮಾಣಿತ ದೋಷದಷ್ಟು ಅಂತರದೊಳಗೆ ಅಂಕ ಪಡೆದವರನ್ನು ಆ ಗುಂಪಿನ ಮಾದರಿ ಸದಸ್ಯರೆಂದು ಗುರುತಿಸಲಾಯಿತು. ಹೀಗೆ ದೊರೆತವರಲ್ಲಿ ವಯಸ್ಸು, ಲಿಂಗ, ಕುಟುಂಬ ಮುಂತಾದ ಹಿನ್ನೆಲೆಯಲ್ಲಿ ಪರಸ್ಪರ ಸಾಧ್ಯವಾದಷ್ಟು ಭಿನ್ನರಾಗಿರುವಂತೆ ಗುಂಪಿಗೆ ಒಬ್ಬರಂತೆ ನಾಲ್ವರನ್ನು ಆರಿಸಲಾಯಿತು. ಇದರಿಂದ ಸಂದರ್ಶಿತರು ತಮ್ಮ ಗುಂಪಿನಲ್ಲಿ ಎಲ್ಲಿ ನಿಲ್ಲುತ್ತಾರೆ ಎಂಬುದನ್ನು ಓದುಗರು ತಿಳಿಯಬಹುದು. ಸುಲಭವಾಗಿ ಸಿಕ್ಕವರನ್ನು ಅಥವಾ ತಾವಾಗಿ ಮುಂದೆ ಬಂದವರನ್ನು ಮಾತ್ರ ಸಂದರ್ಶಿಸಿದ್ದರೆ ಈ ತಿಳಿವಳಿಕೆ ದೊರೆಯುತ್ತಿರಲಿಲ್ಲ.

ಸಂದರ್ಶನದ ಪ್ರಶ್ನೆಗಳನ್ನು ಸಮೀಕ್ಷೆಯಲ್ಲಿ ಹೊರಬಂದ ಅಂಶಗಳ ಸುತ್ತ ರೂಪಿಸಲಾಯಿತು. ಸಮೀಕ್ಷೆಯಲ್ಲಿ ಸ್ವಪ್ರೇರಣೆಗೆ ಅಂಕ ನೀಡಿದ ವಿದ್ಯಾರ್ಥಿಗೆ, ಆ ಪ್ರೇರಣೆ ವ್ಯಾಸಂಗದ ಯಾವ ಘಟ್ಟದಲ್ಲಿ ನೆರವಾಯಿತು, ಎಲ್ಲಿ ಸಾಲದಾಯಿತು ಎಂದು ತನ್ನ ಮಾತಿನಲ್ಲಿ ಹೇಳುವ ಅವಕಾಶ ಇಂಥ ಪ್ರಶ್ನೆಯಲ್ಲಿ ದೊರೆಯುತ್ತದೆ.

### ಎರಡನೆಯ ಹಂತ

ನಾಲ್ವರೊಡನೆಯೂ ದೂರವಾಣಿಯ ಮೂಲಕ ದೀರ್ಘ ಸಂದರ್ಶನ ನಡೆಸಲಾಯಿತು. ವಿದ್ಯುನ್ಮಾನ ಮಾಧ್ಯಮದ ಮೂಲಕ ಮರುಪ್ರಶ್ನೆಗಳನ್ನು ಕೇಳಲಾಯಿತು. ವಿದ್ಯಾರ್ಥಿಗಳ ಶೈಕ್ಷಣಿಕ ದಾಖಲೆಗಳನ್ನೂ ಬಳಸಿಕೊಳ್ಳಲಾಯಿತು. ಪ್ರತಿಯೊಬ್ಬರನ್ನು ಮೊದಲು ಪ್ರತ್ಯೇಕ ಪ್ರಕರಣವಾಗಿ ವಿಶ್ಲೇಷಿಸಿ, ಅನಂತರ ನಾಲ್ಕನ್ನೂ ಹೋಲಿಸಿದಾಗ ನಾಲ್ಕು ಮುಖ್ಯ ವಿಷಯಗಳು ಮೂಡಿದವು: ಶೈಕ್ಷಣಿಕ ಅನುಭವದ ಗುಣಮಟ್ಟ, ಆನ್‌ಲೈನ್ ಕಲಿಕೆಯ ಪರಿಸರ, ಬೆಂಬಲ ಮತ್ತು ನೆರವು, ಹಾಗೂ ವಿದ್ಯಾರ್ಥಿಯ ಸ್ವಪ್ರೇರಣೆ. ಸಂದರ್ಶಿತರು ಕೇವಲ ನಾಲ್ವರಾದರೂ ಈ ಅಧ್ಯಯನದಲ್ಲಿ ಹೆಚ್ಚಿನ ಪ್ರಾಧಾನ್ಯವನ್ನು ಗುಣಾತ್ಮಕ ಹಂತಕ್ಕೆ ನೀಡಲಾಗಿತ್ತು. ಯಾವ ಹಂತ ಮೊದಲು ಬರುತ್ತದೆ ಎಂಬುದೂ ಯಾವುದಕ್ಕೆ ಪ್ರಾಧಾನ್ಯ ಎಂಬುದೂ ಬೇರೆ ಬೇರೆ ಪ್ರಶ್ನೆಗಳೆಂಬುದು ಇದರಿಂದ ತಿಳಿಯುತ್ತದೆ.

## ಫಲಿತಾಂಶಗಳ ಸಂಯೋಜನೆ

ಎರಡೂ ಹಂತಗಳು ಮುಗಿದ ಮೇಲೆ ಅವುಗಳ ಫಲಿತಾಂಶಗಳನ್ನು ಒಟ್ಟಿಗೆ ಓದುವ ಕೆಲಸ ಉಳಿಯುತ್ತದೆ. ಇದಕ್ಕೆ ಬಳಸುವ ಒಂದು ಸಾಧನ ಜಂಟಿ ಕೋಷ್ಟಕ. ಅದರ ಒಂದು ಕಡೆ ಸಮೀಕ್ಷೆಯ ಫಲಿತಾಂಶವೂ ಮತ್ತೊಂದು ಕಡೆ ಅದಕ್ಕೆ ಸಂಬಂಧಿಸಿದ ಸಂದರ್ಶನದ ಫಲಿತಾಂಶವೂ ಇರುತ್ತವೆ. ನೆಬ್ರಾಸ್ಕಾ ಅಧ್ಯಯನದ ಅಂಶಗಳನ್ನು ಹೀಗೆ ಎದುರುಬದುರಾಗಿ ಇರಿಸಬಹುದು:

| ಸಮೀಕ್ಷೆಯ ಅಂಶ | ಸಂದರ್ಶನದ ವಿಷಯ |
|---|---|
| ಕಾರ್ಯಕ್ರಮ | ಶೈಕ್ಷಣಿಕ ಅನುಭವದ ಗುಣಮಟ್ಟ |
| ಆನ್‌ಲೈನ್ ಕಲಿಕೆಯ ಪರಿಸರ | ಆನ್‌ಲೈನ್ ಕಲಿಕೆಯ ಪರಿಸರ |
| ಬೋಧಕರು, ವಿದ್ಯಾರ್ಥಿ ಸೇವೆಗಳು | ಬೆಂಬಲ ಮತ್ತು ನೆರವು |
| ಸ್ವಪ್ರೇರಣೆ | ವಿದ್ಯಾರ್ಥಿಯ ಸ್ವಪ್ರೇರಣೆ |

ಎರಡು ಸಾಲುಗಳಲ್ಲಿ ಹೆಸರುಗಳೇ ಹೊಂದುತ್ತವೆ. ಮೂರನೆಯ ಸಾಲು ಹೆಚ್ಚು ಗಮನಾರ್ಹ. ಬೋಧಕರು ಮತ್ತು ಸೇವೆಗಳು ಪ್ರಶ್ನಾವಳಿಯಲ್ಲಿ ಬೇರೆ ಬೇರೆ ಅಂಶಗಳಾಗಿದ್ದರೆ, ಸಂದರ್ಶನದಲ್ಲಿ ಅವೆರಡೂ ನೆರವು ಎಂಬ ಒಂದೇ ವಿಶಾಲ ವಿಷಯದೊಳಗೆ ಸೇರುತ್ತವೆ. ಸಮೀಕ್ಷೆಯ ವಿಂಗಡಣೆ ಸಂಸ್ಥೆಯ ರಚನೆಯನ್ನು ಅನುಸರಿಸಿದರೆ, ಸಂದರ್ಶನದ ವಿಂಗಡಣೆ ವಿದ್ಯಾರ್ಥಿಗೆ ದೊರೆತದ್ದು ಏನು ಎಂಬುದನ್ನು ಅನುಸರಿಸುತ್ತದೆ. ಎರಡು ಫಲಿತಾಂಶಗಳನ್ನು ಪ್ರತ್ಯೇಕ ಅಧ್ಯಾಯಗಳಲ್ಲಿ ಇರಿಸಿದರೆ ಇಂಥ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ.

ಮೈಕೆಲ್ ಫೆಟರ್ಸ್, ಲೆಸ್ಲಿ ಕರಿ ಮತ್ತು ಜಾನ್ ಕ್ರೆಸ್‌ವೆಲ್ 2013ರ ಲೇಖನದಲ್ಲಿ ಇಂಥ ಓದಿನಿಂದ ಬರಬಹುದಾದ ಮೂರು ಪರಿಣಾಮಗಳನ್ನು ಹೆಸರಿಸಿದ್ದಾರೆ. ಎರಡು ಫಲಿತಾಂಶಗಳು ಒಂದನ್ನೊಂದು ದೃಢಪಡಿಸಬಹುದು, ಒಂದು ಮತ್ತೊಂದರ ಅರ್ಥವನ್ನು ವಿಸ್ತರಿಸಬಹುದು, ಅಥವಾ ಅವು ಪರಸ್ಪರ ವಿರೋಧಿಸಬಹುದು.

### ಹೊಂದಿಕೆಯ ಅರ್ಥ

ಹಂತಗಳ ಕ್ರಮವು ಫಲಿತಾಂಶಗಳ ಹೊಂದಿಕೆಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ನಿರ್ಧರಿಸುತ್ತದೆ. ವಿವರಣಾತ್ಮಕ ಅನುಕ್ರಮದಲ್ಲಿ ಸಂದರ್ಶನದ ಪ್ರಶ್ನೆಗಳು ಸಮೀಕ್ಷೆಯಿಂದಲೇ ಹುಟ್ಟುತ್ತವೆ. ಸ್ವಪ್ರೇರಣೆಯ ಬಗ್ಗೆ ಕೇಳಿದಾಗ ಸಂದರ್ಶಿತರು ಸ್ವಪ್ರೇರಣೆಯ ಬಗ್ಗೆಯೇ ಮಾತನಾಡುವುದು ಸಹಜ. ಆದ್ದರಿಂದ ಎರಡೂ ಹಂತಗಳಲ್ಲಿ ಅದೇ ಅಂಶ ಕಾಣಿಸಿಕೊಂಡರೆ, ಅದನ್ನು ಪರಸ್ಪರ ಸ್ವತಂತ್ರವಾದ ಎರಡು ಸಾಕ್ಷ್ಯಗಳ ಸಹಮತವೆಂದು ಎಣಿಸುವಂತಿಲ್ಲ. ಏಕಕಾಲಿಕ ವಿನ್ಯಾಸದಲ್ಲಿ, ಎರಡು ಹಂತಗಳೂ ಬೇರೆಯಾಗಿ ನಡೆದಿದ್ದರೆ, ಅಂಥ ಹೊಂದಿಕೆಗೆ ಹೆಚ್ಚಿನ ತೂಕವಿದೆ. ಅನುಕ್ರಮ ವಿನ್ಯಾಸದ ನಿಜವಾದ ಪ್ರಯೋಜನ ಇರುವುದು ವಿಸ್ತರಣೆಯಲ್ಲಿ, ಅಂದರೆ ಸಂಖ್ಯೆ ತೋರಿಸಿದ ಸಂಬಂಧ ಹೇಗೆ ಏರ್ಪಡುತ್ತದೆ ಎಂಬ ವಿವರಣೆಯಲ್ಲಿ. ಸಂಶೋಧಕರು ಕೇಳದೆಯೇ ಸಂದರ್ಶಿತರು ಮುಂದಿಟ್ಟ ವಿಷಯಗಳನ್ನು ಪ್ರತ್ಯೇಕವಾಗಿ ಗುರುತಿಸಿಡುವುದು ಇದೇ ಕಾರಣಕ್ಕೆ ಉಪಯುಕ್ತ.

### ವಿರೋಧ ಕಂಡಾಗ

ಸಮೀಕ್ಷೆಯಲ್ಲಿ ಒಂದು ಸೇವೆಯ ಬಗ್ಗೆ ತೃಪ್ತಿ ಸೂಚಿಸಿದವರು ಸಂದರ್ಶನದಲ್ಲಿ ಅದೇ ಸೇವೆಯನ್ನು ದೂರಬಹುದು. ಆಗ ಒಂದನ್ನು ಸರಿಯೆಂದು, ಮತ್ತೊಂದನ್ನು ತಪ್ಪೆಂದು ತಳ್ಳಿಹಾಕುವ ಮುನ್ನ ಕೆಲವು ಸಾಧ್ಯತೆಗಳನ್ನು ಪರಿಶೀಲಿಸಬೇಕು. ಪ್ರಶ್ನಾವಳಿಯ ಪದವನ್ನು ಉತ್ತರದಾತರು ಬೇರೆ ಅರ್ಥದಲ್ಲಿ ಗ್ರಹಿಸಿರಬಹುದು. ಎರಡು ಹಂತಗಳ ನಡುವೆ ತಿಂಗಳುಗಳು ಕಳೆದು ಪರಿಸ್ಥಿತಿ ಬದಲಾಗಿರಬಹುದು. ಹೆಸರು ಹೇಳಿ ಮುಖಾಮುಖಿ ಮಾತನಾಡುವಾಗ ಜನರು ಹೆಚ್ಚು ಎಚ್ಚರ ವಹಿಸಿರಬಹುದು. ಸಂದರ್ಶಿತರು ತಮ್ಮ ಗುಂಪನ್ನು ಪ್ರತಿನಿಧಿಸದವರಾಗಿರಲೂಬಹುದು. ಪ್ರತಿ ಸಂದರ್ಶಿತರ ಮಾತನ್ನು ಅವರದೇ ಸಮೀಕ್ಷೆಯ ಉತ್ತರಗಳ ಪಕ್ಕದಲ್ಲಿಟ್ಟು ನೋಡಿದರೆ, ವ್ಯತ್ಯಾಸ ಒಬ್ಬರೊಳಗೇ ಇದೆಯೋ ಅಥವಾ ಒಬ್ಬರಿಗೂ ಗುಂಪಿಗೂ ನಡುವೆ ಇದೆಯೋ ಎಂಬುದು ತಿಳಿಯುತ್ತದೆ.

## ಯೋಜನೆಯಲ್ಲಿ ಗಮನಿಸಬೇಕಾದದ್ದು

ಇಂಥ ಹೋಲಿಕೆ ಸಾಧ್ಯವಾಗಬೇಕಾದರೆ ಸಮೀಕ್ಷೆಯ ಉತ್ತರವನ್ನು ವ್ಯಕ್ತಿಯೊಡನೆ ಜೋಡಿಸುವ ದಾರಿ ಇರಬೇಕು. ಸಂಪೂರ್ಣ ಅನಾಮಧೇಯವಾಗಿ ಸಮೀಕ್ಷೆ ನಡೆಸಿದ ಮೇಲೆ ಅದರ ಅಂಕಗಳ ಆಧಾರದಿಂದ ಸಂದರ್ಶಿತರನ್ನು ಆರಿಸಲಾಗದು. ಈ ತಪ್ಪನ್ನು ಅನಂತರ ಸರಿಪಡಿಸುವ ಉಪಾಯವೂ ಇಲ್ಲ. ಆದ್ದರಿಂದ ಪ್ರಶ್ನಾವಳಿಯ ಕೊನೆಯಲ್ಲಿ ಸಂದರ್ಶನಕ್ಕೆ ಒಪ್ಪಿಗೆಯಿದೆಯೇ ಎಂದು ಕೇಳಿ, ಒಪ್ಪಿದವರ ಸಂಪರ್ಕ ವಿವರವನ್ನು ಪಡೆಯಲಾಗುತ್ತದೆ. ಉತ್ತರಗಳಿಗೆ ಸಂಕೇತ ಸಂಖ್ಯೆ ನೀಡಿ, ಹೆಸರುಗಳ ಪಟ್ಟಿಯನ್ನು ಬೇರೆಡೆ ಸುರಕ್ಷಿತವಾಗಿ ಇಡಲಾಗುತ್ತದೆ. ಉತ್ತರಗಳನ್ನು ಗೋಪ್ಯವಾಗಿಡುವುದಾಗಿ ಭರವಸೆ ಕೊಡಬಹುದೇ ಹೊರತು ಅವು ಅನಾಮಧೇಯವೆಂದು ಹೇಳುವಂತಿಲ್ಲ.

ಸಂದರ್ಶನದ ಅಂತಿಮ ಪ್ರಶ್ನೆಗಳು ಸಮೀಕ್ಷೆಯ ವಿಶ್ಲೇಷಣೆ ಮುಗಿಯುವವರೆಗೆ ಸಿದ್ಧವಾಗುವುದಿಲ್ಲ. ಹೀಗಾಗಿ ನೈತಿಕ ಸಮಿತಿಗೆ ಅರ್ಜಿ ಸಲ್ಲಿಸುವಾಗ ತಾತ್ಕಾಲಿಕ ಪ್ರಶ್ನೆಗಳನ್ನು ನೀಡಿ, ಅನಂತರ ತಿದ್ದುಪಡಿಗೆ ಅನುಮತಿ ಪಡೆಯಬೇಕಾಗಬಹುದು. ಇದಕ್ಕೆ ತಗಲುವ ಸಮಯವನ್ನು ಮೊದಲೇ ಲೆಕ್ಕದಲ್ಲಿ ಇರಿಸಿಕೊಳ್ಳದಿದ್ದರೆ, ವಿಶ್ಲೇಷಣೆಗೆ ಮುನ್ನವೇ ಸಂದರ್ಶನ ಆರಂಭಿಸುವ ಒತ್ತಡ ಬರುತ್ತದೆ. ಹಾಗೆ ಮಾಡಿದರೆ ಅದು ವಿವರಣಾತ್ಮಕ ಅನುಕ್ರಮವಾಗಿ ಉಳಿಯುವುದಿಲ್ಲ.

## ಮಿತಿಗಳು

ಸಂದರ್ಶಿತರು ಸಮೀಕ್ಷೆಗೆ ಉತ್ತರಿಸಿದವರಲ್ಲೇ ಆಗಿರುವುದರಿಂದ, ಉತ್ತರಿಸದವರು ಎರಡೂ ಹಂತಗಳಿಂದ ಹೊರಗುಳಿಯುತ್ತಾರೆ. ನೆಬ್ರಾಸ್ಕಾ ಅಧ್ಯಯನದಲ್ಲಿ 278 ಜನರಲ್ಲಿ 71 ಜನರ ಧ್ವನಿ ಎಲ್ಲಿಯೂ ದಾಖಲಾಗಲಿಲ್ಲ. ವ್ಯಾಸಂಗವನ್ನು ಬಿಟ್ಟವರ ಬಗೆಗಿನ ಅಧ್ಯಯನದಲ್ಲಿ ಇದು ಗಂಭೀರ ಪ್ರಶ್ನೆ. ಸಂಸ್ಥೆಯೊಡನೆ ಸಂಬಂಧ ಕಡಿದುಕೊಂಡವರೇ ಅದರ ಪ್ರಶ್ನಾವಳಿಗೆ ಉತ್ತರಿಸದೆ ಹೋಗುವ ಸಾಧ್ಯತೆ ಹೆಚ್ಚು. ಸಮೀಕ್ಷೆಯ ಈ ಕೊರತೆಯನ್ನು ಅದೇ ಪಟ್ಟಿಯಿಂದ ಆರಿಸಿದವರ ಸಂದರ್ಶನ ತುಂಬಲಾರದು.

ಸರಾಸರಿಗೆ ಹತ್ತಿರವಿರುವವರನ್ನು ಆರಿಸುವ ಕ್ರಮಕ್ಕೂ ಮಿತಿಯಿದೆ. ಅದು ಗುಂಪಿನ ಸಾಮಾನ್ಯ ಅನುಭವವನ್ನು ತೋರಿಸುತ್ತದೆಯೇ ವಿನಾ ಅಪವಾದಗಳನ್ನಲ್ಲ. ಅಂಕಗಳು ಕಡಿಮೆಯಿದ್ದರೂ ಪದವಿ ಮುಗಿಸಿದವರು, ಹೆಚ್ಚಿದ್ದರೂ ಬಿಟ್ಟುಹೋದವರು ಏಕೆ ಹಾಗಾದರು ಎಂಬುದು ಪ್ರಶ್ನೆಯಾಗಿದ್ದರೆ, ಸರಾಸರಿಯಿಂದ ದೂರವಿರುವವರನ್ನೇ ಆರಿಸಬೇಕಾಗುತ್ತದೆ.

ಒಂದು ವರದಿಯಲ್ಲಿ ಸಂಯೋಜನೆ ನಿಜವಾಗಿ ನಡೆದಿದೆಯೇ ಎಂಬುದನ್ನು ಓದುಗರು ಯಾವುದಾದರೂ ಒಂದು ತೀರ್ಮಾನವನ್ನು ಹಿಡಿದು ಹಿಂದಕ್ಕೆ ಹೋಗಿ ಪರೀಕ್ಷಿಸಬಹುದು. ಆ ತೀರ್ಮಾನ ಯಾವ ಸಂದರ್ಶನದ ಮಾತನ್ನು ಆಧರಿಸಿದೆ, ಆ ಮಾತು ಯಾವ ಪ್ರಶ್ನೆಗೆ ಉತ್ತರ, ಆ ಪ್ರಶ್ನೆ ಸಮೀಕ್ಷೆಯ ಯಾವ ಫಲಿತಾಂಶದಿಂದ ಹುಟ್ಟಿತು ಮತ್ತು ಅದನ್ನು ಈ ವ್ಯಕ್ತಿಗೇ ಏಕೆ ಕೇಳಲಾಯಿತು ಎಂಬುದು ವರದಿಯಲ್ಲಿ ಸಿಗಬೇಕು. ಈ ಎಳೆ ಎಲ್ಲಿಯಾದರೂ ತುಂಡಾಗಿದ್ದರೆ, ಅಲ್ಲಿರುವುದು ಜೊತೆಯಾಗಿ ಮುದ್ರಿತವಾದ ಎರಡು ಅಧ್ಯಯನಗಳು ಮಾತ್ರ.