ಐದು ಸೆಕೆಂಡಿನ ಎಚ್ಚರಿಕೆ

ಟಿವಿಯಲ್ಲಿ ಮ್ಯೂಚುವಲ್ ಫಂಡ್ ಜಾಹೀರಾತು ಮುಗಿಯುವಾಗ ಯಾರೋ ಉಸಿರು ಬಿಡದೆ ಒಂದು ಸಾಲು ಒದರುತ್ತಿದ್ದದ್ದು ನಿಮಗೂ ನೆನಪಿರಬಹುದು. ಹಣ ಕಳೆಯಬಹುದು ಎನ್ನುವ ಮಾತೇ ಯಾರಿಗೂ ಕೇಳಿಸುತ್ತಿರಲಿಲ್ಲ. 2008ರಲ್ಲಿ ಸೆಬಿ ಇದಕ್ಕೊಂದು ಅಳತೆ ಹಾಕಿತು: ಎಚ್ಚರಿಕೆ ಐದು ಸೆಕೆಂಡು ಪರದೆ ಮೇಲಿರಬೇಕು, ಅಷ್ಟೇ ಹೊತ್ತು ಅರ್ಥವಾಗುವಂತೆ ಓದಬೇಕು. ಇಂಗ್ಲಿಷಿನಲ್ಲಿ ಆ ಸಾಲು ಹದಿನಾಲ್ಕು ಪದ. ಸೆಕೆಂಡಿಗೆ ಸುಮಾರು ಮೂರು ಪದ ಎಂದರೂ ಅದು ವೇಗದ ಓದೇ.

ಆಮೇಲೆ ಜಾಹೀರಾತು ಮೊಬೈಲಿಗೆ ಬಂತು, ಗಾತ್ರದಲ್ಲೂ ಚಿಕ್ಕದಾಯಿತು. ಕ್ರಿಪ್ಟೊ ಆ್ಯಪ್‌ಗಳ ಅಬ್ಬರದ ನಂತರ, ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಆಸ್ಕಿ ಸಂಸ್ಥೆ 2022ರ ಏಪ್ರಿಲ್ 1ರಿಂದ ಹೊಸ ನಿಯಮ ತಂದಿತು. ವಿಡಿಯೊ ಆದರೆ ಕೊನೆಯಲ್ಲಿ, ಖಾಲಿ ಹಿನ್ನೆಲೆಯ ಮೇಲೆ, ಕನಿಷ್ಠ ಐದು ಸೆಕೆಂಡು ಎಚ್ಚರಿಕೆ ಕಾಣಬೇಕು. ದನಿ ಅವಸರದ್ದಾಗಿರಬಾರದು. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಎಚ್ಚರಿಕೆಯೂ ಅದೇ ಭಾಷೆಯಲ್ಲಿರಬೇಕು. 'ಕರೆನ್ಸಿ' ಎಂಬ ಪದವನ್ನೂ ಬಳಸುವಂತಿಲ್ಲ, ಏಕೆಂದರೆ ಅದನ್ನು ಕೇಳಿದವರು ನಿಯಂತ್ರಣಕ್ಕೊಳಪಟ್ಟ ಉತ್ಪನ್ನ ಎಂದುಕೊಳ್ಳುತ್ತಾರೆ. ಎಚ್ಚರಿಕೆಯ ಜಾಗದ ಜೊತೆಗೆ ಪದದ ಮೇಲೂ ಲಗಾಮು ಬಿತ್ತು.

ಸಾಲದ ಆ್ಯಪ್‌ಗಳಲ್ಲಿ ಸಮಸ್ಯೆಯ ಮೂಲ ಈ ಪದಗಳೇ. ನಾವು ಒಂದು ಲೆಕ್ಕ ಹಾಕಿ ನೋಡೋಣ. ಹದಿನೈದು ಸೆಕೆಂಡಿನ ಜಾಹೀರಾತು 'ಹತ್ತು ಸಾವಿರ ಸಾಲ, ಬಡ್ಡಿ ಕೇವಲ 3%' ಎನ್ನುತ್ತದೆ. ಅದು ತಿಂಗಳಿಗೆ ಎಂಬುದು ಕೆಳಗೆ ಸಣ್ಣಕ್ಷರದಲ್ಲಿದೆ. ಸಂಸ್ಕರಣಾ ಶುಲ್ಕ 1,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ 180, ಎರಡನ್ನೂ ಮೊದಲೇ ಮುರಿದುಕೊಳ್ಳುತ್ತಾರೆ. ಕೈಗೆ ಬರುವುದು 8,820. ಮೂವತ್ತು ದಿನಕ್ಕೆ ಕಟ್ಟಬೇಕಾದ್ದು 10,300. ಅಂದರೆ ಹೆಚ್ಚುವರಿ 1,480 ರೂಪಾಯಿ. ಕೈಗೆ ಬಂದ ಹಣಕ್ಕೆ ಹೋಲಿಸಿದರೆ ನೂರಕ್ಕೆ ತಿಂಗಳಿಗೆ ಹದಿನೇಳು ರೂಪಾಯಿಯ ಹತ್ತಿರ!

ನಮ್ಮ ಊರುಗಳಲ್ಲಿ ಕೈಸಾಲ ಕೊಡುವವರೂ 'ನೂರಕ್ಕೆ ಮೂರು ರೂಪಾಯಿ, ತಿಂಗಳಿಗೆ' ಎಂದು ಬಾಯಿಬಿಟ್ಟು ಹೇಳುತ್ತಾರೆ. ಬಡ್ಡಿ ದುಬಾರಿಯೇ, ಆದರೆ ಅವಧಿ ಮುಚ್ಚಿಡುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿತು. ಸಾಲದ ಒಪ್ಪಂದಕ್ಕೆ ಮೊದಲೇ, ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವಿರುವ ಮುಖ್ಯಾಂಶ ಪತ್ರ ಕೊಡಬೇಕು. ಅದರಲ್ಲಿ ಇಲ್ಲದ ಶುಲ್ಕ ವಸೂಲಿ ಮಾಡುವಂತಿಲ್ಲ. ಒಳ್ಳೆಯದೇ. ಆದರೆ ಆ ಪತ್ರ ಸಿಗುವುದು ಆ್ಯಪ್ ಇಳಿಸಿಕೊಂಡು, ಆಧಾರ್ ಕೊಟ್ಟ ಮೇಲೆ. ಮನಸ್ಸು ಮಾಡಿದ್ದು ಜಾಹೀರಾತು ನೋಡಿದಾಗಲೇ.

ಹಾಗಾಗಿ ಎಚ್ಚರಿಕೆ ಇರಬೇಕಾದ್ದು '3%' ಮೂಡುವ ಅದೇ ಪರದೆಯಲ್ಲಿ, ಅಷ್ಟೇ ದಪ್ಪಕ್ಷರದಲ್ಲಿ: 'ಕೈಗೆ 8,820, ತಿಂಗಳಿಗೆ ಕಟ್ಟುವುದು 10,300.' ಓದಿ ನೋಡಿ, ಐದು ಸೆಕೆಂಡು ಸಾಕು.