ಚಿಕಿತ್ಸಾ ನಿರಾಕರಣೆಯ ಟಿಪ್ಪಣಿ

ವೈದ್ಯರ ಸಲಹೆ ಮೀರಿ ರೋಗಿ ಆಸ್ಪತ್ರೆ ಬಿಟ್ಟಾಗ ಕೇಸ್ ಶೀಟಿನಲ್ಲಿ ಬರೆಯುವ ದಾಖಲೆ. ಭಾರತದ ಆಸ್ಪತ್ರೆಗಳಲ್ಲಿ ಇಂಥ ನಿರ್ಗಮನಕ್ಕೆ ‘ಲಾಮಾ’ ಎನ್ನುವುದು ರೂಢಿ. ಇದರಲ್ಲಿ ಕಂಡದ್ದು, ಕೇಳಿದ್ದು, ಮಾಡಿದ್ದು ಇರಬೇಕು. ರೋಗಿಯ ಸ್ವಭಾವದ ವಿಮರ್ಶೆ ಸಲ್ಲದು.

ಎದೆನೋವೆಂದು ಬಂದವರೊಬ್ಬರು ಮೊದಲ ಇಸಿಜಿ ಸಹಜವಾಗಿದೆಯೆಂದು ಹೊರಟುನಿಂತರೆನ್ನಿ. ‘ಹಟಮಾರಿ, ಮಾತು ಕೇಳಲಿಲ್ಲ’ ಎಂದರೆ ಅದು ತೀರ್ಪು. ಸರಿಯಾದ ಟಿಪ್ಪಣಿ ಹೀಗಿರುತ್ತದೆ: ‘ರಾತ್ರಿ 9.40. ಟ್ರೋಪೋನಿನ್ ಪರೀಕ್ಷೆ ಇನ್ನೊಮ್ಮೆ ಆಗಬೇಕು, ಈಗ ಹೋದರೆ ಹೃದಯಾಘಾತ, ಸಾವಿನ ಅಪಾಯವಿದೆ ಎಂದು ಕನ್ನಡದಲ್ಲಿ ತಿಳಿಸಲಾಯಿತು. ಅದನ್ನು ರೋಗಿ ತಮ್ಮ ಮಾತಿನಲ್ಲೇ ಸರಿಯಾಗಿ ಹೇಳಿದರು. “ಮನೆಯಲ್ಲಿ ಮಕ್ಕಳಷ್ಟೇ ಇದ್ದಾರೆ” ಎಂದರು. ಫಾರ್ಮಿಗೆ ಸಹಿ ಹಾಕಲಿಲ್ಲ. ನೋವು ಮರಳಿದರೆ ತಕ್ಷಣ ಬರಲು ತಿಳಿಸಲಾಯಿತು.’

ರೋಗಿಯ ಮಾತನ್ನು ಹಾಗೆಯೇ ಬರೆದುಕೊಂಡರೆ ನಿಜವಾದ ಅಡಚಣೆ ಮುಂದಿನ ಪಾಳಿಯ ವೈದ್ಯರಿಗೂ ಗೊತ್ತಾಗುತ್ತದೆ. ಬರೀ ಸಹಿಯಿಂದ, ರೋಗಿಗೆ ಅಪಾಯ ಅರ್ಥವಾಗಿತ್ತೆಂದು ಸಾಬೀತಾಗದು.