ಹಳೆ ಫೋನಿನಿಂದ ಹೊಸ ಫೋನಿಗೆ: ಗಲ್ಫ್ ನಂಬರಿನ ವಾಟ್ಸಪ್ ಮೊದಲು, ಕೇಬಲ್ ನಂತರ

ಮೊಗ್ರಾಲ್: ಗಲ್ಫ್‌ನಿಂದ ಊರಿಗೆ ಮರಳಿದವರು ಹೊಸ ಆಂಡ್ರಾಯ್ಡ್ ಫೋನ್ ಕೊಂಡಾಗ ಸುಲಭವಾಗಿ ಕಳೆದುಹೋಗುವುದು ಫೋಟೋಗಳಲ್ಲ, ವಾಟ್ಸಪ್ ಸಂದೇಶಗಳು. ಕಾರಣ ಸರಳ. ಹೊಸ ಫೋನಿನಲ್ಲಿ ವಾಟ್ಸಪ್ ತೆರೆಯಲು ಅದೇ ನಂಬರಿಗೆ ಬರುವ ಕೋಡ್ ಬೇಕು. ಗಲ್ಫ್ ಸಿಮ್ ಬಂದ್ ಆಗಿದ್ದರೆ ಕೋಡ್ ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಹಳೆ ಫೋನಿನಲ್ಲೇ ಆಗಬೇಕು. ವಾಟ್ಸಪ್‌ನ Settings, Account, Change number ಎಂಬಲ್ಲಿಗೆ ಹೋಗಿ ಊರಿನ ನಂಬರ್ ಕೊಡಬೇಕು. ಇಲ್ಲಿ ಕೋಡ್ ಬರುವುದು ಊರಿನ ಸಿಮ್‌ಗೆ. ಹಳೆ ಫೋನಿನಲ್ಲಿ ವಾಟ್ಸಪ್ ಇನ್ನೂ ಚಾಲ್ತಿಯಲ್ಲಿದ್ದರೆ ಸಾಕು. ಸಂದೇಶಗಳು, ಗ್ರೂಪುಗಳು ಹಾಗೆಯೇ ಉಳಿಯುತ್ತವೆ.

ಉಳಿದದ್ದಕ್ಕೆ ಮೂರು ದಾರಿಗಳಿವೆ. ಉದಾಹರಣೆಗೆ, ಹಳೆ ಫೋನಿನಲ್ಲಿ 22 ಜಿಬಿ ಫೋಟೋ, ವಿಡಿಯೋ ಇವೆ ಎಂದುಕೊಳ್ಳೋಣ. ಗೂಗಲ್ ಉಚಿತವಾಗಿ ಕೊಡುವ ಜಾಗ 15 ಜಿಬಿ. 2024ರಿಂದ ವಾಟ್ಸಪ್ ಬ್ಯಾಕಪ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆ. ಜಾಗ ಕೊಂಡರೂ, ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ 22 ಜಿಬಿ ಮೇಲೇರಲು ಸುಮಾರು 5 ಗಂಟೆ ಬೇಕು. ಹಳೆ ಫೋನ್ ಕೆಟ್ಟುಹೋದರೆ ಅಥವಾ ಕಳೆದುಹೋದರೆ ಮಾತ್ರ ಈ ದಾರಿಯೇ ಗತಿ.

ಕ್ವಿಕ್ ಶೇರ್ (2024ರವರೆಗೆ ನಿಯರ್‌ಬೈ ಶೇರ್) ಇಂಟರ್ನೆಟ್ ಇಲ್ಲದೆಯೂ ಹತ್ತಿರದ ಫೋನಿಗೆ ಕಡತ ಕಳುಹಿಸುತ್ತದೆ. ಆದರೆ ಎಸ್ಸೆಮ್ಮೆಸ್, ಕರೆಗಳ ಪಟ್ಟಿ, ಸೆಟ್ಟಿಂಗ್ ಅದರಲ್ಲಿ ಹೋಗುವುದಿಲ್ಲ. ಬಿಟ್ಟುಹೋದ ನಾಲ್ಕಾರು ಫೋಟೋಗಳಿಗೆ ಅದು ಸಾಕು.

ಎಲ್ಲವನ್ನೂ ಒಟ್ಟಿಗೆ ತರಲು ಕೇಬಲ್ಲೇ ಒಳ್ಳೆಯದು. ಹೊಸ ಫೋನನ್ನು ಮೊದಲ ಬಾರಿ ಆನ್ ಮಾಡುವಾಗ, ಹಳೆ ಫೋನಿನಿಂದ ನಕಲು ಮಾಡಬೇಕೇ ಎಂದು ಕೇಳಿದಾಗಲೇ ಎರಡನ್ನೂ ಜೋಡಿಸಬೇಕು. ಸೆಕೆಂಡಿಗೆ 25 ಎಂಬಿ ವೇಗ ಸಿಕ್ಕರೆ 22 ಜಿಬಿ ಸುಮಾರು 15 ನಿಮಿಷದಲ್ಲಿ ಮುಗಿಯುತ್ತದೆ. ಫೋನ್ ಚಾರ್ಜ್ ಮಾತ್ರ ಆಗುತ್ತಿದ್ದು ಬೇರೇನೂ ಕಾಣದಿದ್ದರೆ, ಅದು ಚಾರ್ಜಿಂಗ್‌ಗೆ ಮಾತ್ರ ಇರುವ ಕೇಬಲ್ ಆಗಿರಬಹುದು. ಬೇರೆ ಕೇಬಲ್ ಹಾಕಿ ನೋಡಬೇಕು. ಆಪ್‌ಗಳು ಪ್ಲೇ ಸ್ಟೋರ್‌ನಿಂದ ಮತ್ತೆ ಇಳಿಯುವುದರಿಂದ ವೈಫೈ ಇರುವುದು ಅನುಕೂಲ.

ಆಮೇಲೆ ವಾಟ್ಸಪ್. ಹಳೆ ಫೋನಿನಲ್ಲಿ Settings, Chats, Transfer chats ಒತ್ತಬೇಕು. ಹೊಸದರಲ್ಲಿ ಅದೇ ನಂಬರ್ ಕೊಟ್ಟು, ಅಲ್ಲಿ ಕಾಣುವ ಕ್ಯೂಆರ್ ಕೋಡನ್ನು ಹಳೆಯದರಿಂದ ಸ್ಕ್ಯಾನ್ ಮಾಡಬೇಕು. ಎರಡರಲ್ಲೂ ವೈಫೈ ಮತ್ತು ಲೊಕೇಶನ್ ಆನ್ ಇರಲಿ.

ಯುಪಿಐ ಆಪ್ ನಕಲಾಗಿ ಬಂದರೂ ಮತ್ತೆ ನೋಂದಾಯಿಸಬೇಕು. ಬ್ಯಾಂಕಿಗೆ ಕೊಟ್ಟ ಸಿಮ್ ಹೊಸ ಫೋನಿನಲ್ಲಿರಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗುವಷ್ಟು ಬ್ಯಾಲೆನ್ಸೂ ಬೇಕು. ಹಣ ಕಳುಹಿಸಿ, ಹಳೆ ಸಂದೇಶ ತೆರೆದು ನೋಡಿದ ಬಳಿಕವೇ ಹಳೆ ಫೋನನ್ನು ಅಳಿಸಬೇಕು.